ಗುರುವಾರ ಆಗೋಲ್ಲ, ಶುಕ್ರವಾರ ಆದೀತೇ?

ಸೋಮವಾರ ಸಂಜೆ ಐದೂ ಮುಕ್ಕಾಲು. ದಾವಣಗೆರೆಯ ಪಿ.ಜಿ. ಮನೆಯೊಂದರ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಹುಡುಗಿಯ ಫೋನು ಸದ್ದು ಮಾಡುತ್ತದೆ. ಮೂರು ವಾರದಿಂದ ಕಾಯುತ್ತಿದ್ದ ಮೇಲ್. ಬೆಂಗಳೂರಿನ ಕಂಪನಿ ಸಂದರ್ಶನಕ್ಕೆ ಕರೆದಿದೆ: ಜೂನ್ 12, ಗುರುವಾರ, ಬೆಳಿಗ್ಗೆ 11 ಗಂಟೆ, ವಿಡಿಯೊ ಕರೆ, ಒಂದು ತಾಸು. ಕುಣಿಯಬೇಕು ಅನ್ನಿಸುವ ಹೊತ್ತಿಗೇ ಆಕೆಗೆ ನೆನಪಾಗುತ್ತದೆ. ಅದೇ ಗುರುವಾರ ಹತ್ತೂವರೆಗೆ ಪ್ರಾಜೆಕ್ಟ್ ವೈವಾ. ಬೇರೆ ಕಾಲೇಜಿನಿಂದ ಎಕ್ಸ್‌ಟರ್ನಲ್ ಬರುತ್ತಾರೆ. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಗೆಳತಿಗೆ ಫೋನ್ ಮಾಡುತ್ತಾಳೆ. "ಏನ್ ಮಾಡ್ಲೇ ಈಗ? ದಿನ ಬದ್ಲಾಯ್ಸಿ ಅಂತ ಕೇಳಿದ್ರೆ ಕ್ಯಾನ್ಸಲ್ಲೇ ಮಾಡ್ಬಿಟ್ರೆ?"

ಈ ಹುಡುಗಿ ನಾನು ಕಲ್ಪಿಸಿಕೊಂಡವಳು. ಆದರೆ ಮೇ, ಜೂನ್ ಬಂತೆಂದರೆ ಕಾಲೇಜು ಇರುವ ಯಾವ ಊರಿನಲ್ಲಾದರೂ ಇಂಥವರು ಸಿಗುತ್ತಾರೆ. ಕೆಲಸದಲ್ಲಿದ್ದು ಇನ್ನೊಂದು ಕೆಲಸ ಹುಡುಕುವವರಿಗೂ ಇದೇ ಇಕ್ಕಟ್ಟು. ಸಂದರ್ಶನದ ಹೊತ್ತಿಗೇ ಈಗಿನ ಆಫೀಸಿನಲ್ಲಿ ತಪ್ಪಿಸಲಾಗದ ಮೀಟಿಂಗ್ ಬಂದಿರುತ್ತದೆ, ಇಲ್ಲವೇ ಎರಡು ಕಂಪನಿಗಳು ಒಂದೇ ದಿನ ಕರೆದಿರುತ್ತವೆ. ದಿನ ಬದಲಿಸಿ ಎಂದು ಕೇಳಬಹುದು ಎಂಬುದು ಎಲ್ಲರಿಗೂ ಅರ್ಧ ಗೊತ್ತು. ಹೇಗೆ ಕೇಳಿದರೆ ಆಗುತ್ತದೆ, ಹೇಗೆ ಕೇಳಿದರೆ ಆಗುವುದಿಲ್ಲ ಎನ್ನುವುದು ಉಳಿದರ್ಧ.

ಮೂರು ಮುಹೂರ್ತ, ಒಂದು ಛತ್ರ

ಮೊದಲು ಆ ಮೇಲ್ ಕಳಿಸಿದವರ ಕಡೆ ಏನು ನಡೆದಿರುತ್ತದೆ ಎಂದು ನೋಡೋಣ. ಸಂದರ್ಶನದ ಸಮಯ ಗೊತ್ತು ಮಾಡುವವರು ಸಾಮಾನ್ಯವಾಗಿ ಎಚ್.ಆರ್. ವಿಭಾಗದ ಒಬ್ಬ ರಿಕ್ರೂಟರ್. ಆದರೆ ಸಂದರ್ಶನ ಮಾಡುವವರು ಬೇರೆ. ತಂಡದ ಮ್ಯಾನೇಜರ್ ಒಬ್ಬರು, ಅದೇ ಕೆಲಸ ಬಲ್ಲ ಹಿರಿಯ ಎಂಜಿನಿಯರ್ ಒಬ್ಬರು, ಕೆಲವೊಮ್ಮೆ ಇನ್ನೊಬ್ಬರು. ಸಂದರ್ಶನ ಇವರ ನಿತ್ಯದ ಕೆಲಸವಲ್ಲ, ತಮ್ಮ ಕೆಲಸದ ನಡುವೆ ಒಂದು ತಾಸು ಬಿಡುವು ಮಾಡಿಕೊಂಡು ಬರುತ್ತಾರೆ. ರಿಕ್ರೂಟರ್ ಇವರೆಲ್ಲರ ಕ್ಯಾಲೆಂಡರ್‌ಗಳನ್ನು ಪಕ್ಕಪಕ್ಕ ತೆರೆದಿಟ್ಟು ಮೂವರಿಗೂ ಖಾಲಿ ಇರುವ ಒಂದು ತಾಸನ್ನು ಹುಡುಕಿರುತ್ತಾರೆ. ಹೀಗೆ ಹುಡುಕಬೇಕಾದ್ದು ಒಬ್ಬ ಅಭ್ಯರ್ಥಿಗಲ್ಲ, ಆ ವಾರ ಕರೆದ ಎಲ್ಲರಿಗೂ.

ನಮ್ಮ ಮನೆಗಳಲ್ಲಿ ಮದುವೆಯ ದಿನ ಗೊತ್ತು ಮಾಡುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಪುರೋಹಿತರು ಒಂದೇ ಮುಹೂರ್ತ ಬರೆದುಕೊಟ್ಟರೆ ಕೆಲಸ ಕೆಟ್ಟಂತೆ. ಆ ದಿನ ಛತ್ರ ಖಾಲಿ ಇರುವುದಿಲ್ಲ, ಛತ್ರ ಸಿಕ್ಕರೆ ಹುಡುಗನ ಸೋದರಮಾವನಿಗೆ ರಜೆ ಇರುವುದಿಲ್ಲ. ಅದಕ್ಕೇ ಅನುಭವಸ್ಥರು ಮೂರು ಮುಹೂರ್ತ ಇಡಿಸಿಕೊಂಡು ಛತ್ರದವರ ಡೈರಿಯ ಮುಂದೆ ಕೂರುತ್ತಾರೆ. ಯಾವುದಾದರೂ ಒಂದು ಕೂಡಿಬರುತ್ತದೆ. ಸಂದರ್ಶನದ ದಿನ ಬದಲಿಸಲು ಕೇಳುವವರೂ ಮಾಡಬೇಕಾದ್ದು ಇಷ್ಟೇ. ಮುಹೂರ್ತಗಳನ್ನು ನಾವೇ ಬರೆದುಕೊಂಡು ಹೋಗಬೇಕು.

'ಯಾವಾಗಾದ್ರೂ ಸರಿ' ಎಂಬ ಸೌಜನ್ಯ

ನಾವು ಎಡವುವುದು ಇಲ್ಲೇ. ದೊಡ್ಡವರ ಹತ್ತಿರ ಮಾತಾಡುವಾಗ 'ನಿಮಗೆ ಯಾವಾಗ ಅನುಕೂಲವೋ ಆಗ ಬರ್ತೀನಿ' ಎನ್ನುವುದು ವಿನಯ ಎಂದು ಕಲಿತುಬಂದವರು ನಾವು. ಇಂಥ ದಿನ, ಇಂಥ ಹೊತ್ತು ಎಂದು ಹೇಳುವುದು ಷರತ್ತು ಹಾಕಿದಂತೆ ಎಂಬ ಅಳುಕು. ಹೀಗಾಗಿ ಹೆಚ್ಚಿನ ಮೇಲ್‌ಗಳಲ್ಲಿ ಇರುವುದು ಒಂದೇ ಸಾಲು: ಗುರುವಾರ ಬರಲಾಗುವುದಿಲ್ಲ, ದಯವಿಟ್ಟು ಬೇರೆ ಯಾವುದಾದರೂ ದಿನ ಕೊಡಿ.

ಓದಲು ನಮ್ರವಾಗಿದೆ. ಆದರೆ ಇದನ್ನು ಓದಿದ ರಿಕ್ರೂಟರ್‌ಗೆ ಏನೂ ತಿಳಿದಂತಾಗಲಿಲ್ಲ. ಅವರು ಮತ್ತೆ ಮೂರು ಕ್ಯಾಲೆಂಡರ್ ತೆರೆದು ಹೊಸ ಹೊತ್ತು ಹುಡುಕಿ ಕೇಳಬೇಕು. ಅದೂ ಆಗದು ಎಂಬ ಉತ್ತರ ಬಂದರೆ ಮತ್ತೆ ಹುಡುಕಬೇಕು. 'ಒಂದ್ಸಲ ಮನೆಗೆ ಬನ್ನಿ' ಎನ್ನುವ ಆಹ್ವಾನದ ಗತಿ ನಮಗೆಲ್ಲ ಗೊತ್ತೇ ಇದೆ. ಯಾರೂ ಬರುವುದಿಲ್ಲ. 'ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ' ಅಂದರೆ ಬರುತ್ತಾರೆ, ಇಲ್ಲವೇ ಆಗುವುದಿಲ್ಲ ಎಂದಾದರೂ ಹೇಳುತ್ತಾರೆ. ಕೆಲಸದ ಲೋಕದಲ್ಲಿ ಸೌಜನ್ಯ ಎಂದರೆ ಎದುರಿಗಿರುವವರ ಹೊರೆ ಇಳಿಸುವುದು. 'ಯಾವಾಗಾದ್ರೂ ಸರಿ' ಎನ್ನುವ ಮಾತು ಆ ಹೊರೆಯನ್ನು ಹಾಗೇ ಅವರ ತಲೆಗೆ ವಾಪಸು ಹಾಕುತ್ತದೆ.

ಹಾಗಾದರೆ ಎಷ್ಟು ಹೊತ್ತುಗಳನ್ನು ಕೊಡಬೇಕು? ಒಂದು ಸಣ್ಣ ಲೆಕ್ಕ ಹಾಕಿನೋಡಬಹುದು. ಮೂವರು ಸಂದರ್ಶಕರು, ಪ್ರತಿಯೊಬ್ಬರೂ ದಿನದ ಅರ್ಧ ಹೊತ್ತು ಬಿಡುವಾಗಿರುತ್ತಾರೆ, ಒಬ್ಬರ ಬಿಡುವಿಗೂ ಇನ್ನೊಬ್ಬರ ಬಿಡುವಿಗೂ ಸಂಬಂಧವಿಲ್ಲ ಎಂದುಕೊಳ್ಳಿ. ನೀವು ಹೇಳಿದ ಒಂದು ತಾಸು ಮೂವರಿಗೂ ಹೊಂದುವ ಸಾಧ್ಯತೆ ಎಂಟರಲ್ಲಿ ಒಂದು. ಅಂಥ ಮೂರು ತಾಸುಗಳನ್ನು ಕೊಟ್ಟರೆ ಯಾವುದಾದರೂ ಒಂದು ಹೊಂದುವ ಸಾಧ್ಯತೆ ಮೂರರಲ್ಲಿ ಒಂದು. ಆರು ತಾಸು ಕೊಟ್ಟರೆ ಅರ್ಧಕ್ಕಿಂತ ತುಸು ಹೆಚ್ಚು. ನಿಜವಾದ ಆಫೀಸಿನಲ್ಲಿ ಲೆಕ್ಕ ಇಷ್ಟು ನೇರವಾಗಿರುವುದಿಲ್ಲ. ಬೇಕೆಂದರೆ ಜನ ತಮ್ಮ ಮೀಟಿಂಗ್ ಆಚೀಚೆ ಸರಿಸುತ್ತಾರೆ. ಆದರೂ ದಾರಿ ಇದರಿಂದ ಕಾಣುತ್ತದೆ: ಮೂರು ಬಿಡಿ ತಾಸುಗಳಿಗಿಂತ ಎರಡು ಮೂರು ದಿನಗಳ ಮೇಲೆ ಹರಡಿದ, ಎರಡು ಮೂರು ತಾಸಿನ ಅಗಲವಿರುವ ಅವಧಿಗಳು ಮೇಲು. 'ಶುಕ್ರವಾರ 11 ಗಂಟೆ' ಎನ್ನುವ ಬದಲು 'ಶುಕ್ರವಾರ 10ರಿಂದ 1ರ ಒಳಗೆ ಯಾವ ತಾಸಾದರೂ' ಎಂದರೆ ಒಂದೇ ಸಾಲಿನಲ್ಲಿ ಮೂರು ತಾಸು ಕೊಟ್ಟಂತೆ. ಹತ್ತು ಅವಧಿ ಪಟ್ಟಿ ಮಾಡುವುದೂ ಬೇಡ. ಅಷ್ಟು ಪುರಸೊತ್ತಿದ್ದರೆ ಗುರುವಾರವೊಂದೇ ಏಕೆ ಆಗುವುದಿಲ್ಲ ಎಂದು ಓದುವವರಿಗೆ ಅನ್ನಿಸಬಾರದಲ್ಲ.

ಬರೆಯುವ ಮುನ್ನ

ನಮ್ಮ ದಾವಣಗೆರೆಯ ಹುಡುಗಿಯ ಬಳಿಗೆ ಮರಳೋಣ. ಆಕೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಎರಡರಲ್ಲಿ ಜಗ್ಗುವುದು ಯಾವುದು? ವೈವಾ ಜಗ್ಗುವುದಿಲ್ಲ. ಹೊರಗಿನ ಪರೀಕ್ಷಕರು ಒಂದು ದಿನಕ್ಕೆಂದು ಬರುತ್ತಾರೆ, ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸಬೇಕಾಗಿರುತ್ತದೆ. ಹಾಗಾಗಿ ಕೇಳಬೇಕಾದ್ದು ಕಂಪನಿಯನ್ನೇ. ಆದರೆ ಘರ್ಷಣೆ ವೈವಾದ ಬದಲು ದಂತವೈದ್ಯರ ಅಪಾಯಿಂಟ್‌ಮೆಂಟ್ ಜೊತೆಗೋ ಗೆಳತಿಯ ಅಕ್ಕನ ಆರತಕ್ಷತೆಯ ಜೊತೆಗೋ ಆಗಿದ್ದರೆ ಸಂದರ್ಶನವನ್ನು ಮುಟ್ಟಲೇಬಾರದು. ಬದಲಾವಣೆ ಕೇಳಲು ಸಿಗುವುದು ಬಹುಮಟ್ಟಿಗೆ ಒಂದೇ ಅವಕಾಶ. ಎರಡನೇ ಸಲ ಕೇಳಿದರೆ ಇವರಿಗೆ ಈ ಕೆಲಸ ಬೇಕಾಗಿಲ್ಲ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ.

ಎರಡನೆಯದು, ವೈವಾ ಎಷ್ಟು ಹೊತ್ತಿಗೆ ಮುಗಿಯುತ್ತದೆ? ನೋಟಿಸ್ ಬೋರ್ಡಿನಲ್ಲಿ ಹತ್ತೂವರೆ ಎಂದಿದ್ದರೂ ಎಕ್ಸ್‌ಟರ್ನಲ್ ಬರುವುದು ತಡವಾಗಬಹುದು, ಆಕೆಯ ಬ್ಯಾಚಿನ ಸರದಿ ಮಧ್ಯಾಹ್ನಕ್ಕೆ ಬರಬಹುದು. 'ಗುರುವಾರ 2 ಗಂಟೆಗೆ ಆಗುತ್ತದೆ' ಎಂದು ಧೈರ್ಯವಾಗಿ ಬರೆದುಬಿಟ್ಟರೆ ಒಂದೂ ಮುಕ್ಕಾಲಿಗೆ ಕಾರಿಡಾರಿನಲ್ಲಿ ನಿಂತು ಬೆವರಬೇಕಾಗುತ್ತದೆ. ಗೈಡ್ ಹತ್ತಿರ ಕೇಳಿ, ಅದರ ಮೇಲೆ ಎರಡು ತಾಸು ಸೇರಿಸಿ ಸಂಜೆ 4 ಎಂದು ಬರೆಯುವುದು ಜಾಣತನ. ಸಂದರ್ಶನ ಬೆಂಗಳೂರಿನ ಆಫೀಸಿನಲ್ಲೇ ಎಂದಾದರೆ ಲೆಕ್ಕ ಬೇರೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ರೈಲಿನಲ್ಲೋ ಬಸ್ಸಿನಲ್ಲೋ ಐದು ತಾಸು ಹಿಡಿಯಿರಿ, ಇಳಿದ ಮೇಲೆ ಊರೊಳಗಿನ ಟ್ರಾಫಿಕ್ಕು ಬೇರೆ. ಗುರುವಾರ ಸಂಜೆಯನ್ನು ಪಟ್ಟಿಯಿಂದ ಹೊಡೆದುಹಾಕಿ, ಶುಕ್ರವಾರವನ್ನು 11ರ ನಂತರ ಎಂದು ತಿದ್ದಬೇಕಾಗುತ್ತದೆ.

ಮೂರನೆಯದು ಹೊತ್ತು. ಮೇಲ್ ಬಂದದ್ದು ಸೋಮವಾರ ಸಂಜೆ. ಆ ರಾತ್ರಿಯೇ, ಬಹಳವೆಂದರೆ ಮಂಗಳವಾರ ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ಉತ್ತರ ತಲುಪಿರಬೇಕು. ಬುಧವಾರ ರಾತ್ರಿ ಕಳಿಸಿದರೆ ಸಂದರ್ಶಕರು ಆಗಲೇ ಆ ತಾಸನ್ನು ಕಟ್ಟಿಟ್ಟಿರುತ್ತಾರೆ, ಬೇರೊಬ್ಬ ಅಭ್ಯರ್ಥಿಗೆ ಅದನ್ನು ಕೊಡುವ ಅವಕಾಶವೂ ಕೈತಪ್ಪಿರುತ್ತದೆ. ಮಂಗಳವಾರ ಬೆಳಿಗ್ಗೆ ಬಿಟ್ಟುಕೊಟ್ಟ ಗುರುವಾರ ಅವರಿಗೆ ಉಪಯೋಗಕ್ಕೆ ಬರುತ್ತದೆ. ಕೇಳುವವರ ಕೈಯಲ್ಲಿ ಇರುವ ಒಂದೇ ಕೊಡುಗೆ ಅದು.

ಮೇಲ್ ಹೀಗಿರಬಹುದು

ಇಂಥ ಮೇಲ್‌ಗಳು ಹೋಗುವುದು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಭಾಷೆ ಯಾವುದಾದರೂ ಇರಲಿ, ಒಳಗೆ ಇರಬೇಕಾದ್ದು ಇಷ್ಟು:

*ವಿಷಯ: ಸಂದರ್ಶನದ ಸಮಯ ಬದಲಾವಣೆಗೆ ವಿನಂತಿ – ಟ್ರೈನಿ ಎಂಜಿನಿಯರ್ ಹುದ್ದೆ – ಜೂನ್ 12, ಗುರುವಾರ, ಬೆಳಿಗ್ಗೆ 11*

*ಮಾನ್ಯರೇ,*

*ಟ್ರೈನಿ ಎಂಜಿನಿಯರ್ ಹುದ್ದೆಯ ಸಂದರ್ಶನಕ್ಕೆ ಕರೆದದ್ದಕ್ಕೆ ಧನ್ಯವಾದ. ಈ ಸಂದರ್ಶನಕ್ಕೆ ಹಾಜರಾಗಲು ನಾನು ಉತ್ಸುಕಳಾಗಿದ್ದೇನೆ. ಆದರೆ ಜೂನ್ 12, ಗುರುವಾರ ಬೆಳಿಗ್ಗೆ 10.30ಕ್ಕೆ ನನ್ನ ಅಂತಿಮ ಸೆಮಿಸ್ಟರಿನ ಪ್ರಾಜೆಕ್ಟ್ ವೈವಾ ಮೊದಲೇ ನಿಗದಿಯಾಗಿದ್ದು, ಅದನ್ನು ಬದಲಿಸಲು ಅವಕಾಶವಿಲ್ಲ. ತಮಗೆ ಸಾಧ್ಯವಾದರೆ ಕೆಳಗಿನ ಯಾವುದೇ ಹೊತ್ತಿನಲ್ಲಿ ನಾನು ಲಭ್ಯಳಿದ್ದೇನೆ:*

*ಜೂನ್ 12, ಗುರುವಾರ: ಸಂಜೆ 4ರಿಂದ 6*
*ಜೂನ್ 13, ಶುಕ್ರವಾರ: ಬೆಳಿಗ್ಗೆ 10ರಿಂದ ಮಧ್ಯಾಹ್ನ 1*
*ಜೂನ್ 16, ಸೋಮವಾರ: ಬೆಳಿಗ್ಗೆ 10ರಿಂದ ಸಂಜೆ 5*

*ಇವು ಯಾವುವೂ ಹೊಂದದಿದ್ದರೆ ತಿಳಿಸಿ, ತಮ್ಮ ಅನುಕೂಲಕ್ಕೆ ಹೊಂದಿಸಿಕೊಳ್ಳಲು ಪ್ರಯತ್ನಿಸುತ್ತೇನೆ. ಇದರಿಂದಾಗುವ ತೊಂದರೆಗೆ ಕ್ಷಮೆಯಿರಲಿ. ನನ್ನ ಫೋನ್ ಸಂಖ್ಯೆ ಕೆಳಗಿದೆ.*

ಇದರಲ್ಲಿ ಕೆಲವು ಸಣ್ಣ ಸಂಗತಿಗಳನ್ನು ಗಮನಿಸಬೇಕು. ಒಂದೊಂದು ಅವಧಿಗೂ ವಾರ, ತಾರೀಖು ಎರಡೂ ಇವೆ. 'ಬರೋ ಗುರುವಾರ' ಎಂದರೆ ಈ ವಾರದ್ದೋ ಮುಂದಿನ ವಾರದ್ದೋ ಎಂಬ ಜಗಳ ನಮ್ಮ ಮನೆಗಳಲ್ಲೇ ಬಗೆಹರಿದಿಲ್ಲ. ತಾರೀಖು ಬರೆಯುವಾಗ ಕೈತಪ್ಪಿದರೂ ವಾರ ಅದನ್ನು ಹಿಡಿದುಕೊಡುತ್ತದೆ. ಎರಡನೆಯದಾಗಿ, ಬರುತ್ತೇನೆ ಎನ್ನುವ ಮಾತು ಬರಲಾಗದು ಎನ್ನುವ ಮಾತಿಗಿಂತ ಮೊದಲು ಬಂದಿದೆ. ದಿನಕ್ಕೆ ನೂರಾರು ಮೇಲ್ ನೋಡುವವರು ಎರಡನೇ ಸಾಲಿನಲ್ಲೇ 'ಆಗುವುದಿಲ್ಲ' ಎಂಬುದನ್ನು ಕಂಡರೆ, ಒಲ್ಲೆನೆಂದ ಅಭ್ಯರ್ಥಿಗಳ ಸಾಲಿಗೆ ಹೆಸರು ಸೇರಿಸಿಬಿಡುವ ಅಪಾಯವಿದೆ. ಕ್ಷಮೆ ಒಂದೇ ಸಲ. ನಾಲ್ಕು ಸಲ ಕೇಳಿದರೆ ಓದುವವರಿಗೇ ಮುಜುಗರ.

ಬಂದ ಮೇಲ್‌ಗೇ ಉತ್ತರವಾಗಿ, ಅದರಲ್ಲಿದ್ದ ಎಲ್ಲರಿಗೂ ಹೋಗುವಂತೆ ಕಳಿಸಬೇಕು. ಹೊಸ ಮೇಲ್ ಬರೆದರೆ ರಿಕ್ರೂಟರ್ ಹಳೆಯದನ್ನು ಹುಡುಕುತ್ತಾ ಕೂರಬೇಕು. ನಡುವೆ ಕನ್ಸಲ್ಟೆನ್ಸಿಯವರಿದ್ದರೆ ಕಂಪನಿಯವರನ್ನು ಅವರ ಮೂಲಕವೇ ಕೇಳಬೇಕು. ಅವರು ಫೋನಿನಲ್ಲಿ 'ನಾನ್ ಹೇಳ್ತೀನಿ ಬಿಡಮ್ಮ' ಎಂದರೂ ಮೇಲ್ ಕಳಿಸಿರಬೇಕು. ಹೇಳಿರದಿದ್ದರೆ ಗೈರುಹಾಜರಿ ಬೀಳುವುದು ಅಭ್ಯರ್ಥಿಯ ಹೆಸರಿಗೆ.

ಕ್ಯಾಲೆಂಡರ್ ಆಹ್ವಾನದ ಜೊತೆಗೆ ಬರುವ ಗುಂಡಿಗಳ ಬಗ್ಗೆಯೂ ಒಂದು ಮಾತು. ಗೂಗಲ್ ಕ್ಯಾಲೆಂಡರಿನಲ್ಲಿ `No` ಒತ್ತಿದರೆ, ಔಟ್‌ಲುಕ್‌ನಲ್ಲಿ `Decline` ಒತ್ತಿದರೆ ಆಹ್ವಾನ ಕಳಿಸಿದವರಿಗೆ ಕಾಣುವುದು ನಿರಾಕರಣೆ ಮಾತ್ರ. ದಿನ ಬದಲಿಸಿ ಎಂಬ ನಿಮ್ಮ ಮನಸ್ಸಿನ ಮಾತು ಅದರಲ್ಲಿ ಎಲ್ಲೂ ಇರುವುದಿಲ್ಲ. `Propose a new time` ಎಂಬ ಸೌಲಭ್ಯವೇನೋ ಇದೆ. ಆದರೆ ಅದರಲ್ಲಿ ಒಂದು ಸಲಕ್ಕೆ ಸೂಚಿಸಲು ಬರುವುದು ಒಂದೇ ಹೊತ್ತು, ಮೂರು ಮುಹೂರ್ತ ಇಡಲು ಜಾಗವಿಲ್ಲ. ಮೇಲ್‌ಗೆ ಉತ್ತರ ಬರುವವರೆಗೆ ಆ ಗುಂಡಿಗಳನ್ನು ಮುಟ್ಟದಿರುವುದೇ ಒಳ್ಳೆಯದು.

ಅಜ್ಜಿಯನ್ನು ಬಿಟ್ಟುಬಿಡಿ

ಕಾರಣ ಎಷ್ಟು ಹೇಳಬೇಕು? ಒಂದು ವಾಕ್ಯ ಸಾಕು. ವೈವಾ, ಪರೀಕ್ಷೆ, ಮನೆಯವರ ಶಸ್ತ್ರಚಿಕಿತ್ಸೆ, ಈಗಿನ ಕೆಲಸದಲ್ಲಿ ಬಿಡಲಾಗದ ಜವಾಬ್ದಾರಿ, ಇವೆಲ್ಲ ಯಾರಿಗಾದರೂ ಅರ್ಥವಾಗುತ್ತವೆ. ಆಸ್ಪತ್ರೆಯ ಚೀಟಿ, ಹಾಲ್ ಟಿಕೆಟ್‌ನ ಫೋಟೊಗಳನ್ನು ಕೇಳದೆ ಲಗತ್ತಿಸಬೇಕಾಗಿಲ್ಲ. ವಿವರ ಉದ್ದವಾದಷ್ಟೂ ಅನುಮಾನಕ್ಕೆ ಎಡೆ.

ಘರ್ಷಣೆ ಇನ್ನೊಂದು ಕಂಪನಿಯ ಸಂದರ್ಶನದ ಜೊತೆಗೆ ಎಂದಾಗ ಜನ ಸುಳ್ಳಿನ ಮೊರೆ ಹೋಗುತ್ತಾರೆ. ಇಲ್ಲದ ಜ್ವರ ಬರುತ್ತದೆ, ಹತ್ತು ವರ್ಷದ ಹಿಂದೆ ತೀರಿಕೊಂಡ ಅಜ್ಜಿ ಮತ್ತೊಮ್ಮೆ ತೀರಿಕೊಳ್ಳುತ್ತಾರೆ. ಇದರ ಅಗತ್ಯವೇ ಇಲ್ಲ. 'ಆ ಹೊತ್ತಿಗೆ ಮೊದಲೇ ಒಪ್ಪಿಕೊಂಡ ಕಾರ್ಯಕ್ರಮವೊಂದಿದೆ' ಎಂದರೆ ಅದು ನಿಜವೂ ಹೌದು, ಸಾಕಾಗುವಷ್ಟೂ ಹೌದು. ಬೇರೆ ಕಂಪನಿಯ ಹೆಸರು ಹೇಳಬೇಕಾಗಿಲ್ಲ. ಯಾರಾದರೂ ನೇರವಾಗಿ ಕೇಳಿದರೆ ಇನ್ನೊಂದು ಸಂದರ್ಶನವಿದೆ ಎಂದು ಒಪ್ಪಿಕೊಳ್ಳಿ. ಕೆಲಸ ಹುಡುಕುವವರು ಒಂದೇ ಬಾಗಿಲು ತಟ್ಟುವುದಿಲ್ಲ ಎಂಬುದು ಅವರಿಗೂ ಗೊತ್ತು.

ಸಾಗರದಾಚೆಯ ಗಡಿಯಾರ

ಬೆಂಗಳೂರಿನ ಕೆಲಸಕ್ಕೂ ಈಗ ಸಂದರ್ಶಕರು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಕೂತಿರುವುದುಂಟು. ಆಗ ಪ್ರತಿ ಹೊತ್ತಿನ ಮುಂದೆಯೂ ಭಾರತೀಯ ಕಾಲಮಾನ ಎಂದು ಬರೆದು, ಅವರ ಊರಿನ ಹೊತ್ತನ್ನೂ ಪಕ್ಕದಲ್ಲಿ ಕೊಡಬೇಕು. ಇಲ್ಲೊಂದು ಬಲೆಯಿದೆ. ಅಮೆರಿಕದ ಹೆಚ್ಚಿನ ಭಾಗದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸಿ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ನಮ್ಮಲ್ಲಿ ಸಂಜೆ 6.30 ಆದಾಗ ನ್ಯೂಯಾರ್ಕಿನಲ್ಲಿ ಜೂನ್ ತಿಂಗಳಾದರೆ ಬೆಳಿಗ್ಗೆ 9, ಡಿಸೆಂಬರ್ ಆದರೆ ಬೆಳಿಗ್ಗೆ 8. ಅಕ್ಟೋಬರ್ ಕೊನೆಯಲ್ಲಿ ಕೇಳಿ, ನವೆಂಬರ್ ಎರಡನೇ ವಾರಕ್ಕೆ ಹೊತ್ತು ಗೊತ್ತು ಮಾಡುವಾಗ ಹಳೆಯ ಲೆಕ್ಕವನ್ನೇ ಹಿಡಿದವರು ಒಂದು ತಾಸು ತಪ್ಪುತ್ತಾರೆ. ಹಾಗೆಯೇ 'ರಾತ್ರಿ 12' ಎಂದು ಬರೆಯಬೇಡಿ. ಅದು ಯಾವ ದಿನಕ್ಕೆ ಸೇರಿದ್ದು ಎಂಬ ಗೊಂದಲ ಏಳುತ್ತದೆ. ಹನ್ನೊಂದೂವರೆ ಎಂದರೆ ಆ ಗೊಂದಲವಿಲ್ಲ.

ಜಗ್ಗದ ದಿನಗಳು

ಇಷ್ಟು ಹೊತ್ತು ಹೇಳಿದ್ದೆಲ್ಲ ಖಾಸಗಿ ಕಂಪನಿಗಳ ಮಾತು. ಸರ್ಕಾರಿ ನೇಮಕಾತಿಯಲ್ಲಿ ಚಿತ್ರವೇ ಬೇರೆ. ಯು.ಪಿ.ಎಸ್‌.ಸಿ. ವ್ಯಕ್ತಿತ್ವ ಪರೀಕ್ಷೆಯ ದಿನ, ಹೊತ್ತನ್ನು ಬದಲಿಸುವ ಕೋರಿಕೆಯನ್ನು ಸಾಮಾನ್ಯವಾಗಿ ಪುರಸ್ಕರಿಸುವುದಿಲ್ಲ ಎಂದು ಮೊದಲೇ ತಿಳಿಸಿರುತ್ತದೆ. ಬ್ಯಾಂಕ್ ನೇಮಕಾತಿ ನಡೆಸುವ ಐ.ಬಿ.ಪಿ.ಎಸ್. ಕೂಡ ಸಂದರ್ಶನದ ದಿನ, ಕೇಂದ್ರ ಬದಲಿಸಲು ಒಪ್ಪುವುದಿಲ್ಲ. ಅಲ್ಲಿ ಸಂದರ್ಶನಕ್ಕೆ ಅಂಕಗಳಿವೆ, ಒಬ್ಬರಿಗೆ ಕೊಟ್ಟ ವಿನಾಯಿತಿಯನ್ನು ಇನ್ನೊಬ್ಬರು ಪ್ರಶ್ನಿಸಬಹುದು. ಹಾಗಾಗಿ ಒಂದು ಕಡೆ ಸರ್ಕಾರಿ ಸಂದರ್ಶನ, ಇನ್ನೊಂದು ಕಡೆ ಖಾಸಗಿ ಸಂದರ್ಶನ ಬಿದ್ದರೆ ಕೋರಿಕೆ ಹೋಗಬೇಕಾದ್ದು ಖಾಸಗಿಯವರ ಬಳಿಗೆ.

ಕ್ಯಾಂಪಸ್ ಸಂದರ್ಶನದ್ದೂ ಅಂಥದೇ ಕಥೆ. ಕಂಪನಿಯ ತಂಡ ಕಾಲೇಜಿಗೆ ಒಂದು ದಿನದ ಮಟ್ಟಿಗೆ ಬಂದು ಹೋಗುತ್ತದೆ. ಅಲ್ಲಿ ಕೇಳಬಹುದಾದ್ದು ದಿನವನ್ನಲ್ಲ, ಸರದಿಯನ್ನು. ಅದನ್ನೂ ಪ್ಲೇಸ್‌ಮೆಂಟ್ ಅಧಿಕಾರಿಯ ಮೂಲಕವೇ ಕೇಳಬೇಕು. ವಿದ್ಯಾರ್ಥಿ ನೇರವಾಗಿ ಕಂಪನಿಗೆ ಬರೆದರೆ ಕಾಲೇಜಿನವರಿಗೆ ಸಿಟ್ಟು, ಕಂಪನಿಯವರಿಗೆ ಗೊಂದಲ. ವಾಕ್-ಇನ್ ಸಂದರ್ಶನಗಳಲ್ಲಂತೂ ಹೇಳಿದ ದಿನ ಹೋಗಬೇಕು, ಇಲ್ಲವೇ ಬಿಡಬೇಕು.

ಖಾಸಗಿ ಕಂಪನಿಯೂ ಒಪ್ಪಲೇಬೇಕೆಂದೇನಿಲ್ಲ. ಒಂದೇ ಹುದ್ದೆಯಿದ್ದು, ಆ ವಾರವೇ ಆಯ್ಕೆ ಮುಗಿಸುವ ತರಾತುರಿಯಲ್ಲಿದ್ದರೆ ಗುರುವಾರ ಬಂದವರಲ್ಲಿ ಒಬ್ಬರನ್ನು ಆರಿಸಿ ಬಾಗಿಲು ಹಾಕುತ್ತಾರೆ. ಪಟ್ಟಿಯಲ್ಲಿ ಸಾಧ್ಯವಾದಷ್ಟು ಹತ್ತಿರದ ಹೊತ್ತನ್ನು, ನಮ್ಮ ಹುಡುಗಿ ಅದೇ ಗುರುವಾರದ ಸಂಜೆಯನ್ನು ಇಟ್ಟಂತೆ, ಮೊದಲು ಇಡುವುದು ಅದಕ್ಕೇ.

ಕಳಿಸಿದ ಮೇಲೆ

ಮೇಲ್ ಕಳಿಸಿದೊಡನೆ ದಿನ ಬದಲಾಯಿತು ಎಂದು ನಿರಾಳವಾಗುವುದು ಅತಿ ಸಾಮಾನ್ಯವಾದ ತಪ್ಪು. ಬದಲಾದದ್ದು ಏನೂ ಇಲ್ಲ. ಅವರು ಒಪ್ಪಿ ಉತ್ತರ ಬರೆಯುವವರೆಗೆ ಗುರುವಾರ 11 ಗಂಟೆಯೇ ಊರ್ಜಿತ. ನಾನೇ ಒಮ್ಮೆ ಸಂದರ್ಶಕನಾಗಿ ಇಪ್ಪತ್ತು ನಿಮಿಷ ಖಾಲಿ ಪರದೆ ನೋಡುತ್ತಾ ಕೂತದ್ದುಂಟು. ಆ ಯುವಕ ಹಿಂದಿನ ದಿನವೇ ಕೋರಿಕೆ ಕಳಿಸಿದ್ದ, ಅದನ್ನು ಓದಬೇಕಾದವರು ರಜೆಯಲ್ಲಿದ್ದರು. ತಪ್ಪು ಯಾರದು ಎಂದು ವಿಚಾರಿಸುವಷ್ಟರಲ್ಲಿ ಹುದ್ದೆ ಬೇರೆಯವರ ಪಾಲಾಗಿತ್ತು.

ಹಾಗಾಗಿ ಮಂಗಳವಾರ ಬೆಳಿಗ್ಗೆ ಮೇಲ್ ಹೋಗಿ, ಅಂದು ಸಂಜೆಯವರೆಗೂ ಉತ್ತರವಿಲ್ಲದಿದ್ದರೆ ಬುಧವಾರ ಬೆಳಿಗ್ಗೆ ಒಂದು ಫೋನ್ ಮಾಡಬೇಕು. "ಮೇಡಂ, ನಾಳೆ 11 ಗಂಟೆಯ ಸಂದರ್ಶನದ ಬಗ್ಗೆ ನಿನ್ನೆ ಒಂದು ಮೇಲ್ ಕಳಿಸಿದ್ದೆ, ನೋಡಿದ್ರಾ?" ಎಂದರೆ ಸಾಕು. ಮನೆಯಲ್ಲಿ ಅವಘಡವಾಗಿ ಅದೇ ದಿನ ಬೆಳಿಗ್ಗೆ ತಿಳಿಸಬೇಕಾದಾಗ ಕ್ರಮ ತಿರುವುಮುರುವು. ಮೊದಲು ಫೋನು, ಆಮೇಲೆ ಮೇಲ್. 'ಆಗುವುದಿಲ್ಲ' ಎಂಬ ಉತ್ತರವೇ ಬಂದರೆ ಅದನ್ನೂ ಬುಧವಾರವೇ ತಿಳಿದುಕೊಳ್ಳುವುದು ಮೇಲು. ಗೈಡ್ ಹತ್ತಿರ ಹೋಗಿ ವೈವಾದಲ್ಲಿ ತನ್ನ ಸರದಿಯನ್ನು ಮಧ್ಯಾಹ್ನಕ್ಕೆ ಹಾಕಿಸಿಕೊಳ್ಳಲು ಒಂದು ದಿನವಾದರೂ ಸಿಗುತ್ತದೆ.

ಇನ್ನೊಂದು ಎಚ್ಚರ: ಕೊಟ್ಟ ಮೂರೂ ಅವಧಿಗಳನ್ನು ಉತ್ತರ ಬರುವವರೆಗೆ ಖಾಲಿ ಇಟ್ಟುಕೊಂಡಿರಬೇಕು. ಅಷ್ಟರಲ್ಲಿ ಇನ್ನೊಂದು ಕಂಪನಿ ಶುಕ್ರವಾರ 11ಕ್ಕೆ ಕರೆದರೆ, ಅವರಿಗೆ ಬೇರೆ ಹೊತ್ತು ಕೇಳಬೇಕೇ ಹೊರತು ಮೊದಲು ಕೊಟ್ಟದ್ದನ್ನು ಕಸಿದುಕೊಳ್ಳಬಾರದು.

ಶುಕ್ರವಾರ 11.30 ಎಂದು ಗೊತ್ತಾಯಿತೆನ್ನಿ. 'ಜೂನ್ 13, ಶುಕ್ರವಾರ, ಬೆಳಿಗ್ಗೆ 11.30ಕ್ಕೆ ಹಾಜರಿರುತ್ತೇನೆ, ಧನ್ಯವಾದ' ಎಂದು ಒಂದು ಸಾಲು ಬರೆದು ಮುಗಿಸಿ. ಆಮೇಲೆ ಕ್ಯಾಲೆಂಡರ್ ತೆರೆದು ನೋಡಿ. ಕೆಲವರು ಹಳೆಯ ಆಹ್ವಾನವನ್ನೇ ತಿದ್ದಿ ಕಳಿಸುತ್ತಾರೆ, ಕೆಲವರು ಹೊಸದನ್ನು ಕಳಿಸಿ ಹಳೆಯದನ್ನು ಅಳಿಸಲು ಮರೆಯುತ್ತಾರೆ. ಎರಡು ಆಹ್ವಾನ, ಎರಡು ಲಿಂಕ್ ಉಳಿದಿದ್ದರೆ ಯಾವುದರಿಂದ ಒಳಗೆ ಬರಬೇಕು ಎಂದು ಗುರುವಾರ ಸಂಜೆಯೊಳಗೆ ಕೇಳಿಬಿಡಿ. ಶುಕ್ರವಾರ 11.29ಕ್ಕೆ ಕೇಳಿದರೆ ಉತ್ತರಿಸಲು ಯಾರೂ ಇರುವುದಿಲ್ಲ, ಎಲ್ಲರೂ ಸಂದರ್ಶನದಲ್ಲಿರುತ್ತಾರೆ.